ಮೊಣಕಾಲು ನೋಡಿ ನುಡಿಸಿದ ಬೇಸ್

ಎಪ್ಪತ್ತರ ದಶಕದ ಆರಂಭದಲ್ಲಿ ಮುಂಬಯಿಯ ಮಾಟುಂಗದ ಒಂದು ಆರ್ಕೆಸ್ಟ್ರಾದಲ್ಲಿ ನಾನು ಬೇಸ್ ಗಿಟಾರ್ ನುಡಿಸುತ್ತಿದ್ದೆ. ಗಿಟಾರ್ ನನ್ನದಲ್ಲ, ಆರ್ಕೆಸ್ಟ್ರಾದ್ದು; ಅಭ್ಯಾಸಕ್ಕೆ ಮನೆಗೆ ಒಯ್ಯಬಹುದಿತ್ತು, ಅಷ್ಟೆ. ವಿಮಾ ಕಚೇರಿಯ ಗುಮಾಸ್ತನ ಸಂಬಳದಲ್ಲಿ ಅಂಥದ್ದೊಂದನ್ನು ಕೊಳ್ಳುವ ಯೋಚನೆಯೂ ನನಗಿರಲಿಲ್ಲ. ಆರ್ಕೆಸ್ಟ್ರಾ ಬಿಟ್ಟರೆ ಬೇಸ್ ಬಿಟ್ಟ ಹಾಗೆ. ಇದು ನಮ್ಮ ಮಾಸ್ಟರ್‌ಗೆ ಚೆನ್ನಾಗಿ ಗೊತ್ತಿತ್ತು, ಆಗಾಗ ನೆನಪಿಸುತ್ತಲೂ ಇದ್ದರು.

ಮಾಸ್ಟರ್ ಅಕಾರ್ಡಿಯನ್ ನುಡಿಸುತ್ತಿದ್ದ ದಕ್ಷಿಣ ಕನ್ನಡದ ಹಿರಿಯರು. ಸ್ವರ ತಪ್ಪಿದರೆ ಅವರ ಕಿವಿ ತಕ್ಷಣ ಹಿಡಿಯುತ್ತಿತ್ತು. ತಾಳ ತಪ್ಪಿದರೆ ಮಾತ್ರ ಕಣ್ಣಿಗೆ ಕಂಡವರನ್ನು ಬೈಯುತ್ತಿದ್ದರು. ಆ ವರ್ಷ ಅವರ ಕಣ್ಣಿಗೆ ಕಂಡವನು ನಾನು.

"ಎಂತ ಮಾರಾಯ, ಡ್ರಮ್ ಒಂದು ಕಡೆ, ನೀನು ಒಂದು ಕಡೆ. ಬೆರಳಿನಲ್ಲಿ ಕೆರೆಯುವುದನ್ನು ಬಿಡು. ಪಿಕ್ ಹಿಡಿ," ಎಂದು ತಂತಿ ಮೀಟುವ ಪ್ಲಾಸ್ಟಿಕ್ ಚೂರನ್ನು ಮುಂದೆ ಚಾಚಿದರು ಒಂದು ಭಾನುವಾರದ ತಾಲೀಮಿನಲ್ಲಿ. ಗಾಯಕಿ, ಇಬ್ಬರು ಪಿಟೀಲಿನವರು, ಚಹಾ ತಂದ ಹೋಟೆಲಿನವನು, ಎಲ್ಲರೂ ಕೇಳುತ್ತಿದ್ದರು.

"ಮಾಸ್ಟರ್, ಬೆರಳಿನಿಂದ ನಿಧಾನ ಆಗೋದಿಲ್ಲ."

"ಆಗ್ತದೆ. ನನಗೆ ಗೊತ್ತಿಲ್ಲವಾ? ಕನ್ನಡ ಸಂಘದ ವಾರ್ಷಿಕೋತ್ಸವಕ್ಕೂ ಹೀಗೇ ಆದರೆ ಗಿಟಾರ್ ಬೇರೆಯವರಿಗೆ ಕೊಡುತ್ತೇನೆ."

ಕೆರೆಯುವುದು ಎಂದರಲ್ಲ, ಆ ಮಾತು ನನ್ನನ್ನು ಸುಟ್ಟಿತು. ಎರಡು ವರ್ಷ ವಡಾಲದ ಮನೆಯಲ್ಲಿ, ಆಂಪ್ಲಿಫೈಯರ್ ಇಲ್ಲದೆ, ಗಿಟಾರಿನ ಮರಕ್ಕೆ ಗಲ್ಲ ಒತ್ತಿಕೊಂಡು ನಾನು ಕಲಿತದ್ದು ಅದನ್ನೇ. ಹೆಬ್ಬೆರಳು ತಂತಿಗಳ ಕೆಳಗೆ ನಾದ ಹಿಡಿಯುವ ಪಿಕಪ್ ಪಟ್ಟಿಯ ಮೇಲೆ ಊರಿರಬೇಕು. ತೋರುಬೆರಳು, ಮಧ್ಯದ ಬೆರಳು ಸರದಿಯಂತೆ ನಡೆಯಬೇಕು. ತಂತಿಯನ್ನು ಮೇಲಕ್ಕೆ ಕಿತ್ತರೆ ಅದು ಫಲಕಕ್ಕೆ ಬಡಿದು ಗಲಗಲ ಎನ್ನುತ್ತದೆ. ಅದನ್ನು ಅಡ್ಡಕ್ಕೆ ತಳ್ಳಬೇಕು, ಬೆರಳು ಪಕ್ಕದ ದಪ್ಪ ತಂತಿಗೆ ಹೋಗಿ ಒರಗಿ ನಿಲ್ಲಬೇಕು. ಸ್ವರವನ್ನು ಮುಗಿಸುವುದು ಎಡಗೈ: ಬೆರಳನ್ನು ತಂತಿಯಿಂದ ತೆಗೆಯದೆ ಒತ್ತಡ ಮಾತ್ರ ಸಡಿಲಿಸಿದರೆ ನಾದ ಅಲ್ಲಿಗೇ ನಿಲ್ಲುತ್ತದೆ. ಯಾವ ದಿನ ಯಾವ ಬೆರಳು ಸೋಮಾರಿಯಾಯಿತು ಎಂಬುದನ್ನೂ ತಾರೀಖು ಹಾಕಿ ಬರೆದುಕೊಂಡವನು ನಾನು. ಇದು ಅವರಿಗೆ ಕೆರೆತ.

ಆದರೂ ಪಿಕ್ ಹಿಡಿದೆ. ಗಿಟಾರ್ ಕಳೆದುಕೊಳ್ಳುವ ಭಯ. ಪಿಕ್ಕಿನ ಪೆಟ್ಟು ಮೊನಚು, ಹಾಗಾಗಿ ಡ್ರಮ್ ಮತ್ತು ನನ್ನ ನಡುವಿನ ಬಿರುಕು ಇನ್ನೂ ನಿಚ್ಚಳವಾಗಿ ಕೇಳಿಸಿತು. "ಈಗ ಸ್ವಲ್ಪ ಸರಿಯಾಯಿತು ನೋಡು," ಎಂದರು ಮಾಸ್ಟರ್. ಸರಿಯಾಗಿರಲಿಲ್ಲ.

ಡ್ರಮ್ ನುಡಿಸುತ್ತಿದ್ದವನು ಹುಬ್ಬಳ್ಳಿ ಕಡೆಯ ಮುಸ್ಲಿಂ ಗೆಳೆಯ. ಸಾಂತಾಕ್ರೂಜ್‌ನಲ್ಲಿ ಅವನ ಮಾವನ ಚಪ್ಪಲಿ ಅಂಗಡಿ, ಡ್ರಮ್‌ಗಳಿಗೆ ಅದರ ಗೋದಾಮೇ ಮನೆ. ಮಾಸ್ಟರ್ ನನ್ನನ್ನು ಬೈಯುವಾಗ ಅವನು ಒಂದು ಮಾತೂ ಆಡಿರಲಿಲ್ಲ. ಗಿಟಾರಿನ ಜೊತೆ ಆ ಸಿಟ್ಟನ್ನೂ ಹೊತ್ತುಕೊಂಡು ಮುಂದಿನ ಶನಿವಾರ ಮಧ್ಯಾಹ್ನ ಲೋಕಲ್ ಹಿಡಿದು ಅಲ್ಲಿಗೆ ಹೋದೆ.

"ನೀ ಯಾಕ ಸುಮ್ನ ಕುಂತಿದ್ದಿ?" ಎಂದೆ.

"ನಾ ಬಾಯಿ ಬಿಟ್ಟಿದ್ರ ನನಗೂ ಬೈತಿದ್ರು. ಒಬ್ರಿಗೇ ಬಿದ್ರ ಉಳಿತಾಯ ಅಲ್ಲೇನ ದೋಸ್ತ?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಗೋದಾಮಿನಲ್ಲಿ ಜಾಗವೇ ಇರಲಿಲ್ಲ. ಡಬ್ಬಗಳ ಸಾಲಿನ ನಡುವೆ, ಅವನ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನ ಮಗ್ಗುಲಲ್ಲೇ, ಗೋಡೆಗೆ ಮುಖ ಮಾಡಿ ಕೂರಬೇಕಾಯಿತು. ಗಿಟಾರಿನ ವೈರನ್ನು ಅಂಗಡಿಯ ಹಳೆಯ ರೇಡಿಯೋಗೆ ಸಿಕ್ಕಿಸಿದೆ. ಪಿಕ್ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಮಾಸ್ಟರ್ ಎದುರು ನಾವು ಯಾವಾಗಲೂ ಕೆಡಿಸುತ್ತಿದ್ದ ನಿಧಾನ ಲಯವನ್ನೇ ಹಿಡಿದೆವು.

ಮೊದಲ ಆವರ್ತದಿಂದಲೇ ಕೂಡಿತು. ದೊಡ್ಡ ಡ್ರಮ್ಮಿನ ಗುದ್ದು ನೆಲದಿಂದ ನನ್ನ ಪಾದಕ್ಕೆ ಬರುತ್ತಿತ್ತು, ನನ್ನ ಸ್ವರ ಅದರೊಳಗೇ ಹುಟ್ಟುತ್ತಿತ್ತು. ಎಲ್ಲಿ ಅವನ ಪೆಟ್ಟು ಮುಗಿಯಿತು, ಎಲ್ಲಿ ನನ್ನ ತಂತಿ ಶುರುವಾಯಿತು ಎಂದು ಬೇರೆ ಮಾಡಲಾಗದು. ಕೋಲು ಅವನ ಮುಂದಿನ ಚಿಕ್ಕ ಸ್ನೇರ್ ಡ್ರಮ್ಮಿಗೆ ಬಿದ್ದ ಕ್ಷಣಕ್ಕೆ ಎಡಗೈ ಸಡಿಲಿಸಿದೆ, ಪೆಟ್ಟು ಖಾಲಿ ಜಾಗದಲ್ಲಿ ಬಿದ್ದು ಠಣ್ಣನೆ ಕೇಳಿಸಿತು. ಅವನೂ ನಗುವುದನ್ನು ನಿಲ್ಲಿಸಿ ನುಡಿಸುತ್ತಿದ್ದ.

ನೋಡಿದಿಯಾ ಎಂದು ಹೇಳಲು ಅವನ ಕಡೆ ತಿರುಗಿ ಕುಳಿತೆ. ನುಡಿಸುತ್ತಲೇ ಇದ್ದೆ. ತಿರುಗಿದ್ದೇ ತಡ, ಬಿರುಕು ಬಂತು. ನಾನು ಮುಂದೆ, ಅವನು ಹಿಂದೆ.

ಮತ್ತೆ ಗೋಡೆಗೆ ತಿರುಗಿದೆ. ಕೂಡಿತು. ಅವನ ಕಡೆ ತಿರುಗಿದೆ. ಹೋಯಿತು.

"ಏನ್ ನೋಡಾಕತ್ತೀ ನೀ?" ಎಂದು ಕೇಳಿದ.

ನಾನು ನೋಡುತ್ತಿದ್ದುದು ಅವನ ಬಲ ಮೊಣಕಾಲನ್ನು. ಅವನು ಹಿಮ್ಮಡಿ ಎತ್ತಿ ಪೆಡಲ್ ತುಳಿಯುವವನು. ಮೊಣಕಾಲು ಮೊದಲು ಮೇಲೇಳುತ್ತದೆ, ಆಮೇಲೆ ಇಳಿಯುತ್ತದೆ, ಆಮೇಲೆ ಡ್ರಮ್ಮಿಗೆ ಪೆಟ್ಟು ಬೀಳುತ್ತದೆ. ಅದು ಇಳಿಯಲು ಶುರುವಾದ ಕೂಡಲೇ ನಾನು ತಂತಿ ತಳ್ಳುತ್ತಿದ್ದೆ. ನಿಧಾನದ ಹಾಡಿನಲ್ಲಿ ಕಾಲು ಇನ್ನೂ ಎತ್ತರಕ್ಕೆ ಏಳುತ್ತಿತ್ತು, ಅಂತರವೂ ಹೆಚ್ಚುತ್ತಿತ್ತು.

"ಅಯ್ಯ, ನೀ ಡ್ರಮ್ಮಿಗಲ್ಲ, ನನ್ನ ಮೊಣಕಾಲಿಗೆ ಬೇಸ್ ಬಾರ್ಸಾಕತ್ತಿದ್ದಿ," ಎಂದ ಅವನು.

ಆಗ ನನಗೆ ಬಂದ ಕೋಪ ಹಿಂದೆಂದೂ ಬಂದಿರಲಿಲ್ಲ. ನಾನು ಮೊಣಕಾಲು ನೋಡಿದ್ದು ಯಾಕೆ? ತಾಲೀಮಿರಲಿ ಕಾರ್ಯಕ್ರಮವಿರಲಿ, ವೇದಿಕೆಯಲ್ಲಿ ಹೊಳೆಯುವ ಡ್ರಮ್‌ಗಳು ಒಂದು ತುದಿಯಲ್ಲಿ, ಜನರಿಗೆ ಕಾಣುವಂತೆ. ಬೇಸ್ ಇನ್ನೊಂದು ತುದಿಯಲ್ಲಿ, ಪರದೆಯ ಮಗ್ಗುಲಲ್ಲಿ. ಅದರ ಗುಂಯ್‌ಗುಟ್ಟುವಿಕೆ ಗಾಯಕಿಯ ಮೈಕಿಗೆ ಬೀಳಬಾರದೆಂದು ಮಾಸ್ಟರ್ ಮಾಡಿದ ಏರ್ಪಾಡು. ನಡುವೆ ಅಕಾರ್ಡಿಯನ್ನಿನ ಸ್ಪೀಕರ್. ಅಲ್ಲಿ ನಿಂತವನಿಗೆ ದೊಡ್ಡ ಡ್ರಮ್ ಕೇಳಿಸುವುದಿಲ್ಲ, ಕಾಣುತ್ತದೆ. ಕಿವಿಯನ್ನು ಕಸಿದುಕೊಂಡವರು ಅವರು, ತಪ್ಪು ನನ್ನ ಬೆರಳಿನದು.

ವಾರ್ಷಿಕೋತ್ಸವದ ಸಂಜೆ ಪರದೆ ಏಳುವ ಮೊದಲೇ ನಾವಿಬ್ಬರೂ ಸೇರಿ ಆಂಪ್ಲಿಫೈಯರನ್ನು ಡ್ರಮ್ ಪಕ್ಕಕ್ಕೆ ಹೊತ್ತು ತಂದೆವು. ಅದರ ಬೆನ್ನು ಗಾಯಕಿಯ ಮೈಕಿನ ಕಡೆ ಇರುವಂತೆ ಇಟ್ಟೆ. ಮಾಸ್ಟರ್ ನೋಡಿ ಕೈ ಬೀಸಿದರು, ಅಷ್ಟರಲ್ಲಿ ಪರದೆ ಎದ್ದಿತು. ನಾನು ಅವನ ಕಾಲಿನ ಕಡೆ ಒಮ್ಮೆಯೂ ನೋಡಲಿಲ್ಲ. ನೆಲದ ಹಲಗೆಯಿಂದ ಬಂದದ್ದನ್ನು ಪಾದದಲ್ಲಿ ಹಿಡಿದು ಎರಡು ಬೆರಳಿನಿಂದ ನುಡಿಸಿದೆ. ಗಾಯಕಿ ನಡುವೆ ಒಮ್ಮೆ ನಮ್ಮ ಕಡೆ ತಿರುಗಿ ತಲೆದೂಗಿದರು.

ಕಾರ್ಯಕ್ರಮ ಮುಗಿದ ಮೇಲೆ ಸಂಘದ ಸಮಿತಿಯವರ ಎದುರು ಮಾಸ್ಟರ್ ನನ್ನ ಹೆಗಲಿಗೆ ಕೈ ಹಾಕಿದರು. "ನಾನು ಪಿಕ್ ಹಿಡಿಸಿದ ಮೇಲೆ ಹುಡುಗ ಹೇಗಾದ ನೋಡಿ."

"ಮಾಸ್ಟರ್, ಪಿಕ್ ಹಿಡಿದಿರಲಿಲ್ಲ."

"ಹೌದು ಹೌದು," ಎಂದು ನಕ್ಕು ಹೆಗಲು ತಟ್ಟಿದರು. ಅವರು ನನ್ನ ಬಲಗೈಯನ್ನು ಒಮ್ಮೆಯೂ ನೋಡಿರಲಿಲ್ಲ.

ಮುಂದಿನ ಭಾನುವಾರ ತಾಲೀಮಿಗೆ ಹೋದರೆ ಆಂಪ್ಲಿಫೈಯರ್ ಮತ್ತೆ ಪರದೆಯ ಮಗ್ಗುಲಲ್ಲಿತ್ತು.

"ಫೋಟೋದಲ್ಲಿ ಒಂದು ಕಡೆ ಗುಂಪಾಗಿ ಕಾಣುತ್ತದೆ ಮಾರಾಯ. ನೀನು ಅಲ್ಲಿಯೇ ನಿಲ್ಲು. ಪಿಕ್ ಉಂಟಲ್ಲ," ಎಂದರು ಮಾಸ್ಟರ್.

ನಾನು ಗಿಟಾರನ್ನು ಹೆಗಲಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟೆ. "ಡ್ರಮ್ ಕೇಳಿಸದ ಜಾಗದಲ್ಲಿ ನಾನು ನುಡಿಸೋದಿಲ್ಲ ಮಾಸ್ಟರ್. ಬೇರೆಯವರಿಗೆ ಕೊಡಿ."

"ಕೊಡುತ್ತೇನೆ. ಜನ ಇಲ್ಲವಾ ಮುಂಬಯಿಯಲ್ಲಿ?"

ಪೆಟ್ಟಿಗೆಯ ಕೊಂಡಿ ಹಾಕುವಾಗ ಹಿಂದೆ ಏನೋ ಎಳೆದ ಸದ್ದು. ಗೆಳೆಯ ತನ್ನ ದೊಡ್ಡ ಡ್ರಮ್ಮನ್ನು ನೆಲದ ಮೇಲೆ ಎಳೆಯುತ್ತ ವೇದಿಕೆ ದಾಟುತ್ತಿದ್ದ. ಪರದೆಯ ಮಗ್ಗುಲಿಗೆ ಬಂದು ಅದನ್ನು ಆಂಪ್ಲಿಫೈಯರಿಗೆ ತಾಗಿಸಿ ಇಟ್ಟ. ಮತ್ತೆ ಹೋಗಿ ಸ್ನೇರ್ ತಂದ. ಸ್ಟೂಲ್ ತಂದ.

"ಅಲ್ಲಿ ಕೂತರೆ ನೀನು ಯಾರಿಗೂ ಕಾಣುವುದಿಲ್ಲ," ಎಂದರು ಮಾಸ್ಟರ್.

"ನನ್ನ ಮಾರೀ ನೋಡಾಕ ಯಾರ್ ಬರ್ತಾರ್ರೀ ಮಾಸ್ಟರ್? ಇವನಿಗೆ ನನ್ನ ಮೊಣಕಾಲು ಕಾಣಬಾರ್ದು, ಅಷ್ಟ."

ಮಾಸ್ಟರ್‌ಗೆ ಅದು ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಇಬ್ಬರನ್ನೂ ಒಟ್ಟಿಗೆ ಕಳಿಸಿದರೆ ಆ ದಿನದ ತಾಲೀಮೇ ಇಲ್ಲ. ಅಕಾರ್ಡಿಯನ್ ಎತ್ತಿಕೊಂಡು ಮುಖ ಆ ಕಡೆ ಮಾಡಿ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಲಯ ಎಣಿಸಿದರು. ನಾನು ಪೆಟ್ಟಿಗೆ ತೆರೆದು ಗಿಟಾರ್ ತಗಲಿಸಿಕೊಂಡೆ, ಸಿಟ್ಟು ಇಳಿಯದೆಯೇ ಡ್ರಮ್ಮಿಗೆ ಬೆನ್ನು ಹಾಕಿ ನಿಂತೆ.