ನೇಕಾರರ ಮನೆಗೆ ಬಂದ ಗಪ್ಪಿಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬಣ್ಣದ ಮೀನು ಮಾರುವವನ ದನಿಯನ್ನು ಪೂರ್ತಿ ಕಲಿತೆ, ಮಾತನ್ನು ಅರ್ಧವೇ ಕೇಳಿದೆ.

ಆಗ ನಾನು ಬಾಗಲಕೋಟೆಯಲ್ಲಿ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ನಂಬಿಕೆ. ನಾನು ಮಾಡುತ್ತಿದ್ದದ್ದು ಮೇಷ್ಟ್ರುಗಳ ಕೆಮ್ಮು, ಕಂಡಕ್ಟರನ ಸೀಟಿ, ಕನ್ನಡಿಯೆದುರು ನನ್ನದೇ ಪೆದ್ದುನಗೆ, ಎಲ್ಲದರ ಅಣಕು. ಪೇಟೆಯ ಆ ಬಣ್ಣದ ಮೀನಿನ ಅಂಗಡಿಗೂ ಅಣಕಿಗೊಬ್ಬ ಸಿಕ್ಕನೆಂದೇ ಹೊಕ್ಕಿದ್ದು. ಗಾಜಿನ ತೊಟ್ಟಿಯಲ್ಲಿ ಬಾಲ ಬೀಸುತ್ತಿದ್ದ ಗಪ್ಪಿ ಮೀನುಗಳನ್ನು ಕಂಡು ನನ್ನ ಬಾಯಿ ಮುಚ್ಚಿತು. ಅಂಥದ್ದು ಅದಕ್ಕೆ ಅಪರೂಪ.

ಅಂಗಡಿಯವನು ಮೂಗಿನಲ್ಲಿ ಮಾತಾಡುತ್ತಿದ್ದ. "ಬಣ್ಣಾ ನೋಡಿ ಮರುಳಾಗಬ್ಯಾಡ್ರಿ. ರೆಕ್ಕಿ ಬಿಚ್ಚಿರಬೇಕು. ಮೈಮ್ಯಾಲ ಉಪ್ಪು ಚೆಲ್ಲಿಧಂಗ ಚುಕ್ಕಿ ಇದ್ರ ಬ್ಯಾಡ. ಮೂಲ್ಯಾಗ ಮುದುರಿ ನಿಂತದ್ದು ಬ್ಯಾಡ. ಸತ್ತ ಮೀನ ತೇಲೂ ತೊಟ್ಟಿಯೊಳಗಿಂದಂತೂ ಬ್ಯಾಡೇ ಬ್ಯಾಡ."

ಗಿಡಗಳನ್ನೂ ಅವನೇ ಆರಿಸಿದ. ಬುಡ ಕೊಳೆತದ್ದನ್ನು ಬಿಟ್ಟು, ಹಸಿರು ಜೊಂಪೆಗಳನ್ನು ತೊಳೆದು ಕೊಟ್ಟ. ಫಿಲ್ಟರಿಗೆ ಬಂದಾಗ ಹೊಸದನ್ನು ಕೇಳಿದೆ. ಅವನು ತನ್ನ ತೊಟ್ಟಿಯಲ್ಲೇ ಗುಳುಗುಳು ಅನ್ನುತ್ತಿದ್ದ ಕಂದುಬಣ್ಣದ ಸ್ಪಂಜಿನ ಫಿಲ್ಟರನ್ನು ಒದ್ದೆಯಾಗಿಯೇ ಚೀಲಕ್ಕೆ ಹಾಕಿದ. "ಇದು ಹೊಲಸಲ್ರಿ, ಇದರಾಗ ಕಣ್ಣಿಗೆ ಕಾಣದ ಜೀವ ಅದಾವು. ಮೀನಿನ ಹೊಲಸು ತಿಂದು ನೀರು ಕಾಯ್ತಾವು. ಗಾಳಿ ಪಂಪು ನೀರಿಗಿಂತ ಎತ್ತರಕ್ಕ ಇಡ್ರಿ, ಕರೆಂಟ್ ಹೋದಾಗ ನೀರು ಹಿಂದ ಬಂದೀತು. ಸ್ಪಂಜು ತೊಳಿಯೂದಿದ್ರ ತೊಟ್ಟಿ ನೀರಾಗ ಹಿಂಡ್ರಿ, ನಳದಾಗಲ್ಲ."

ರಜೆ ಬಂದಿತ್ತು. ಹುನಗುಂದ ದಾಟಿ ನಮ್ಮೂರು ಇಳಕಲ್ಲಿನವರೆಗೆ ಬಸ್ಸಿನಲ್ಲಿ ಕೊಂಡ ಗಾಜಿನ ತೊಟ್ಟಿಯನ್ನು ಕಾಲ ನಡುವೆ ಇಟ್ಟು, ಮೀನಿದ್ದ ಗಾಳಿ ತುಂಬಿದ ಚೀಲವನ್ನು ಎದೆಗೆ ಒತ್ತಿ ಕೂತಿದ್ದೆ. ಪಕ್ಕದವನು "ಹುಡುಗಾ, ಸಾರಿಗೇನ್?" ಎಂದ. ನಮ್ಮದು ಲಿಂಗ ಕಟ್ಟಿಕೊಂಡ ನೇಕಾರರ ಮನೆ. ಮೀನು ಎಂಬ ಪದವೂ ಹೊಸ್ತಿಲ ಆಚೆ.

ಹೊಸ್ತಿಲಲ್ಲಿ ಅಜ್ಜಿ ಅಡ್ಡ ನಿಂತಳು. "ಮೀನ ತರಾಕ ಬಾಗಲಕೋಟಿಗಿ ಕಳಿಸಿದ್ವೇನೋ?"

"ತಿನ್ನಾಕಲ್ಲಬೇ, ನೋಡಾಕ."

"ನೋಡಾಕ ನೀನಽ ಸಾಕಾಗಿತ್ತು."

ಮಗ್ಗ ನಿಲ್ಲಿಸಿ ಅಪ್ಪ ಬಂದ. ಕೊನೆಗೆ ಅಜ್ಜಿ ಕರಾರು ಹಾಕಿದಳು: "ಇರಲಿ. ಆದ್ರ ಒಂದ ಸತ್ತರೂ ಮನ್ಯಾಗ ಹೆಣ ಬಿದ್ದಂಗ. ಅವತ್ತಽ ಈ ಡಬ್ಬಿ ಹೊರಗ." ಅಪ್ಪ ತಲೆಯಾಡಿಸಿದ.

ಕೊಡಗಳಲ್ಲಿ ಹಿಂದಿನ ದಿನದಿಂದ ನಿಂತಿದ್ದ ನೀರನ್ನು ತೊಟ್ಟಿಗೆ ತುಂಬಿ, ಅದರಲ್ಲಿ ಚೀಲವನ್ನು ತೇಲಿಸಿ, ನಿಧಾನವಾಗಿ ತೊಟ್ಟಿಯ ನೀರು ಬೆರೆಸಿ, ಮೀನುಗಳನ್ನು ಬಿಟ್ಟೆ. ಗಿಡದ ನಡುವೆ ಅವು ಬೆಂಕಿಕಡ್ಡಿ ಗೀರಿದಂತೆ ಸುಳಿದವು. ಅಪ್ಪನ ಕಣ್ಣು ಮಗ್ಗದ ಮೇಲಿನ ಸೆರಗಿನ ಕೆಂಪನ್ನು ನೋಡುವಾಗಿನಂತೆ ಅಲ್ಲೇ ನೆಟ್ಟಿತು. ಅಜ್ಜಿ ಜಪಮಾಲೆ ತಂದು ತೊಟ್ಟಿಯ ಮುಂದೆಯೇ ಕೂತಳು; ಮಣಿ ಒಂದೂ ಸರಿಯಲಿಲ್ಲ. ಅಣಕಿಸಲು ಬಾಯಿ ತೆರೆದೆ. ಅದನ್ನು ಬಿಟ್ಟು ಅವಳ ಪಕ್ಕದಲ್ಲೇ ಕೂತೆ.

ಆಮೇಲೆ ಒಂದು ದಿನ ನಳ ಬಂತು. ಇಳಕಲ್ಲಿನಲ್ಲಿ ಎಷ್ಟೋ ದಿನದ ಮೇಲೆ ನಳ ಬಂದರೆ ಮನೆಯ ಕೊಡ, ಚಾಪೆ, ಮಕ್ಕಳು ಎಲ್ಲ ತೊಳೆದಾಗಲೇ ನೆಮ್ಮದಿ. ನಾನೂ ಉತ್ಸಾಹದಿಂದ ಕಂದುಸ್ಪಂಜನ್ನು ಬ್ಲೀಚಿಂಗ್ ವಾಸನೆಯ ನೀರಿನ ಕೆಳಗೆ ಹಿಡಿದು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಅದೇ ಹೊತ್ತಿಗೆ ಮೂಗಿನ ದನಿಯಲ್ಲಿ "ತೊಟ್ಟಿ ನೀರಾಗ ಹಿಂಡ್ರಿ" ಎಂದು ತಂಗಿಯನ್ನು ನಗಿಸುತ್ತಿದ್ದೆ ಕೂಡ!

ನೀರು ಕನ್ನಡಿಯಂತೆ ತಿಳಿಯಾಗಿಯೇ ಇತ್ತು. ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಿಡತೊಡಗಿದವು. ಎಸ್‌ಟಿಡಿ ಬೂತಿಗೆ ಓಡಿದೆ. ಅಂಗಡಿಯವನು ಸ್ಪಂಜಿನ ಜೀವಗಳನ್ನೆಲ್ಲ ಕೊಂದೆಯೆಂದು ಬೈದು, ತಿನಿಸು ನಿಲ್ಲಿಸಿ, ದಿನವೂ ಒಂದಿಷ್ಟು ನೀರು ತೆಗೆದು, ಕೊಡದಲ್ಲಿ ಇಟ್ಟ ಹಳೆಯ ನೀರು ತುಂಬು ಎಂದ. ಹಾಗೇ ಮಾಡಿದೆ. ಮೀನುಗಳು ಮೆಲ್ಲಗೆ ಕೆಳಗಿಳಿದವು. ಆದರೂ ಒಂದು ಬೆಳಿಗ್ಗೆ ಕಿತ್ತಳೆ ಬಾಲದ ಗಂಡು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಅಪ್ಪ ಅದನ್ನು ಸಂಪಿಗೆಗಿಡದ ಬುಡಕ್ಕೆ ಹೂತು ಬಂದ. ಕೈ ತೊಳೆದು, ತೊಟ್ಟಿಯ ಒಂದು ಅಂಚು ಹಿಡಿದ. "ಆ ಕಡೆ ಹಿಡೀಲೇ. ಮಾತಂದ್ರ ಮಾತು."

ಪಂಪಿನ ವಯರು ಕಿತ್ತೆ. ಗುಳುಗುಳು ನಿಂತು ಮನೆ ಬಿಕೋ ಎಂದಿತು.

"ತಡೀರಿ!" ಅಜ್ಜಿಯ ಮೂಗು ಗಾಜಿಗೆ ತಾಗಿತ್ತು. ಗಿಡದ ಬುಡದಲ್ಲಿ ಹೆಣ್ಣುಗಪ್ಪಿ ಮೈ ಸಣ್ಣಗೆ ನಡುಗಿಸಿತು. ಅದರ ಹಿಂದೆ ಜೀರಿಗೆಯಷ್ಟು ಏನೋ ಉದುರಿತು. ಉದುರಿದ್ದು ತಳ ಸೇರಲಿಲ್ಲ. ಎರಡು ಕಪ್ಪು ಕಣ್ಣಿನೊಡನೆ ಈಜಿ ಎಲೆಯ ಮರೆಗೆ ಹೋಯಿತು. ಮತ್ತೊಂದು. ಇನ್ನೊಂದು.

"ತತ್ತಿ ಅಲ್ಲೋ... ಹಡದೈತಿ!" ಅಜ್ಜಿಯ ದನಿ ಇಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. ಓಣಿಯ ಎಷ್ಟೋ ಕೂಸುಗಳಿಗೆ ಮೊದಲ ನೀರು ಹಾಕಿದ ಆ ಸೂಲಗಿತ್ತಿಯ ಕೈ ಗಾಜಿನ ಮೇಲೆ ಹಾಗೇ ನಿಂತಿತು. ನಾನು ಪಂಪಿನ ವಯರನ್ನು ಮತ್ತೆ ಸಿಕ್ಕಿಸಿದೆ.

ಅಪ್ಪ ಇನ್ನೂ ಅಂಚು ಹಿಡಿದೇ ಇದ್ದ. "ಯವ್ವಾ, ಸತ್ತ ದಿನಾನಽ ಹೊರಗ ಅಂದಿದ್ದಿ. ಎತ್ತಲೋ, ಬ್ಯಾಡೋ?"

ಅಜ್ಜಿ ತಿರುಗಿಯೂ ನೋಡಲಿಲ್ಲ.

"ಬಾಣಂತೀನ್ನ ಯಾರರ ಹೊರಗ ಹಾಕ್ತಾರೇನೋ, ಖೋಡಿ?"