ಸೊನ್ನೆ ವಿಸ್ತೀರ್ಣದ ಪ್ರೊಫೆಸರು

ಇಂಟರ್ ಸೈನ್ಸಿನಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ಪ್ರೊಫೆಸರಿಗೆ ಎರಡು ಹೆಮ್ಮೆಗಳಿದ್ದವು. ಒಂದು ಅವರ ಕೋಟು. ಅಕ್ಟೋಬರಿನ ಸೆಕೆಯಲ್ಲೂ ಅದರ ಒಂದು ಗುಂಡಿ ಬಿಚ್ಚಿದ್ದನ್ನು ಯಾರೂ ನೋಡಿಲ್ಲ. ಇನ್ನೊಂದು, ಅವರೇ ಬರೆದು ಅಚ್ಚು ಹಾಕಿಸಿದ ಗೈಡು. ಕ್ಲಾಸಿಗೆ ಬಂದು ಆ ಗೈಡನ್ನು ಮೇಜಿನ ಮೇಲೆ ಬಿಚ್ಚಿಟ್ಟು ಅದರಲ್ಲಿದ್ದುದನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾವು ಬೋರ್ಡಿನಿಂದ ಇಳಿಸಿಕೊಳ್ಳುತ್ತಿದ್ದೆವು. ಹೀಗೆ ಒಂದೇ ಸಾಲು ಮೂರು ಕಡೆ ಬರೆಯಲ್ಪಟ್ಟು ಯಾರ ತಲೆಗೂ ಹೋಗದೆ ಉಳಿಯುವುದಕ್ಕೆ ಉನ್ನತ ಶಿಕ್ಷಣ ಎಂದು ಹೆಸರು.

ನಾನು ಆಗ ಕಿಂಗ್ಸ್ ಸರ್ಕಲ್ಲಿನಿಂದ ಲೋಕಲ್ ರೈಲು ಹಿಡಿದು ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಕ್ಲಾಸಿನಲ್ಲಿ ಹುಡುಗಿಯರು ಒಂದು ಬೆಂಚು ತುಂಬುವಷ್ಟು. ಆ ಬೆಂಚಿನ ಕಡೆ ಪ್ರೊಫೆಸರು ನೋಡುತ್ತಿದ್ದುದು ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ ಮಾತ್ರ.

ಮೊದಲ ಟರ್ಮಿನಲ್ಲಿ ಡಿಫರೆನ್ಸಿಯೇಶನ್ ಆಯಿತು. ಅದು ನನಗೆ ಹಿಡಿಸಿತು. ಕರ್ವ್ ಒಂದು ಗುಡ್ಡದ ದಾರಿ ಎಂದುಕೊಂಡರೆ, ಪ್ರತಿಯೊಂದು ಜಾಗದಲ್ಲಿ ಅದು ಎಷ್ಟು ಕಡಿದಾಗಿದೆ ಎಂದು ಹೇಳುವ ಲೆಕ್ಕ. ಇಳಿಜಾರು ಗೊತ್ತಾಯಿತು ಎಂದು ನಾನು ಖುಷಿಯಲ್ಲಿದ್ದಾಗ ಎರಡನೇ ಟರ್ಮು ಶುರುವಾಗಿ, ಪ್ರೊಫೆಸರು ಬೋರ್ಡಿನ ಮೇಲೆ ಉದ್ದನೆಯ ಹಾವಿನಂಥ ಗುರುತು ಬರೆದು ಹೇಳಿದರು:

"ಇಂಟಿಗ್ರೇಶನ್ ಅಂದರೆ ಡಿಫರೆನ್ಸಿಯೇಶನ್ನನ್ನು ತಿರುಗಿಸಿ ಮಾಡುವುದು. ಇದರಿಂದ ಕರ್ವಿನ ಕೆಳಗಿನ ವಿಸ್ತೀರ್ಣ ಸಿಗುತ್ತದೆ. ಬರೆದುಕೊಳ್ಳಿ."

ನಾನು ಎದ್ದು ನಿಂತೆ. "ಸರ್, ಇಳಿಜಾರನ್ನು ತಿರುಗಿಸಿದರೆ ವಿಸ್ತೀರ್ಣ ಹೇಗೆ ಬರುತ್ತದೆ?"

"ಗೈಡಿನಲ್ಲಿದೆ," ಎಂದರು.

ಗೈಡಿನಲ್ಲಿ ಇದ್ದುದು ಅದೇ ವಾಕ್ಯ, ಸುತ್ತ ಒಂದು ಚೌಕಟ್ಟು. ಅರ್ಥ ಹೇಳಲಾಗದ ಕಡೆಯಲ್ಲೆಲ್ಲ ಅವರು ಚೌಕಟ್ಟು ಹಾಕುತ್ತಿದ್ದರು. ಆ ಪುಸ್ತಕದ ತುಂಬ ಚೌಕಟ್ಟುಗಳೇ.

ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಮೈಸೂರು ಕಡೆಯ ಒಂದು ಕುಟುಂಬವಿತ್ತು. ಯಜಮಾನರು ಸರಕಾರಿ ಆಫೀಸಿನಲ್ಲಿ ಅಧಿಕಾರಿ. ಅವರ ಹೆಂಡತಿ ಗಣಿತದಲ್ಲಿ ಬಿಎಸ್ಸಿ ಮಾಡಿದವರು; ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಯಜಮಾನರು ಮನೆಗೆ ಬಂದವರಿಗೆಲ್ಲ "ನಮ್ಮಾಕೆ ಬಿಎಸ್ಸಿ" ಎಂದು ತೋರಿಸುತ್ತಿದ್ದರು, ಮದುವೆಯಲ್ಲಿ ಬಂದ ಬೆಳ್ಳಿ ತಟ್ಟೆ ತೋರಿಸುವ ಹಾಗೆ. ತಟ್ಟೆಯಂತೆಯೇ ಹೆಂಡತಿಯ ಡಿಗ್ರಿಯೂ ಬಳಕೆಗೆ ಬರಬಾರದು ಎನ್ನುವುದು ಅವರ ನಿಲುವು. ಶಾಲೆಯೊಂದರಲ್ಲಿ ಸಿಕ್ಕ ಕೆಲಸವನ್ನು ಬೇಡವೆನ್ನಿಸಿದ್ದರು. ಅಕ್ಕ ಅದನ್ನು ಮರೆತಿರಲಿಲ್ಲ. ಅವರ ನಾಲಗೆ ಹರಿತವಾಗಿತ್ತು. ಆ ಹರಿತಕ್ಕೆ ಆ ಮನೆಯಲ್ಲಿ ಬೇರೆ ಕೆಲಸವೂ ಇರಲಿಲ್ಲ.

ಒಂದು ಭಾನುವಾರ ನಾನು ಗೈಡು ಹಿಡಿದು ಹೋದೆ. "ಅಕ್ಕ, ಇದು ಎಂತ ಅಂತಲೇ ಗೊತ್ತಾಗುದಿಲ್ಲ."

ಅಕ್ಕ ನಾಲ್ಕು ಹಾಳೆ ತಿರುವಿ, ಗೈಡನ್ನು ಹಾಲಿನ ಪಾತ್ರೆಯ ಮೇಲೆ ಮುಚ್ಚಳವಾಗಿ ಇಟ್ಟರು. "ಇದಕ್ಕೆ ಇಷ್ಟು ಉಪಯೋಗ ಸಾಕು. ಗ್ರಾಫ್ ಕಾಗದ ಇದೆಯೇನೇ?"

ಇತ್ತು. ಇಂಚಿಗೆ ಹತ್ತು ಗೆರೆಗಳ ಕಾಗದ. ಒಂದು ಇಂಚನ್ನು ಒಂದು ಎಂದು ಇಟ್ಟುಕೊಂಡು, x ವರ್ಗದ ಕರ್ವನ್ನು ಸೊನ್ನೆಯಿಂದ ಒಂದರವರೆಗೆ ಬರೆಸಿದರು. ತಳದಲ್ಲಿ ಚಪ್ಪಟೆಯಾಗಿ ಹೊರಟು ಮೇಲಕ್ಕೆ ಬಾಗುವ ಗೆರೆ.

"ಇದರ ಕೆಳಗಿನ ಜಾಗ ಎಷ್ಟು?"

"ಬದಿ ಬಾಗಿದೆಯಲ್ಲ ಅಕ್ಕ. ಉದ್ದ ಅಗಲ ಗುಣಿಸಲಿಕ್ಕೆ ಆಗುದಿಲ್ಲ."

"ಬಾಗಿದ್ದನ್ನ ಅಳೆಯೋಕೆ ಬರಲ್ಲ, ನೆಟ್ಟಗಿರೋದನ್ನ ಅಳೆಯೋಕೆ ಬರುತ್ತೆ. ಹಾಗಾದ್ರೆ ನೆಟ್ಟಗಿರೋ ಪಟ್ಟಿ ನಿಲ್ಲಿಸು. ಹತ್ತು ಪಟ್ಟಿ, ಒಂದೊಂದೂ ಒಂದು ಗೆರೆ ಅಗಲ. ಎತ್ತರ ಮಾತ್ರ ಎಡಗಡೆ ಕರ್ವ್ ಎಷ್ಟಿದೆಯೋ ಅಷ್ಟೇ."

ನಿಲ್ಲಿಸಿದೆ. ಪ್ರತಿ ಪಟ್ಟಿಯ ಎತ್ತರವನ್ನು ಅಗಲದಿಂದ ಗುಣಿಸಿ ಕೂಡಿದೆ. 0.285 ಬಂತು. ಪಟ್ಟಿಗಳೆಲ್ಲ ಕರ್ವಿನ ಒಳಗೇ ಇದ್ದವು. ಮೇಲೆ ಚೂರುಪಾರು ಜಾಗ ಬಿಟ್ಟುಹೋಗಿತ್ತು. ಎತ್ತರವನ್ನು ಬಲಗಡೆಯಿಂದ ತೆಗೆದುಕೊಂಡು ಇನ್ನೊಮ್ಮೆ ಕೂಡಲು ಹೇಳಿದರು. ಈಗ ಪಟ್ಟಿಗಳು ಕರ್ವನ್ನು ದಾಟಿ ಹೊರಗೆ ಚಾಚಿದವು. 0.385 ಬಂತು.

"ನಿಜವಾದ ಜಾಗ ಇವೆರಡರ ಮಧ್ಯ ಎಲ್ಲೋ ಇದೆ. ಪಟ್ಟಿ ತೆಳ್ಳಗೆ ಮಾಡು."

ಇಪ್ಪತ್ತು ಪಟ್ಟಿ ಮಾಡಿದಾಗ ಒಳಗಿನದು ಸುಮಾರು 0.309, ಹೊರಗಿನದು 0.359. ಎರಡೂ ಹತ್ತಿರ ಸರಿದಿದ್ದವು. ಪಟ್ಟಿ ತೆಳ್ಳಗಾದಷ್ಟೂ ಮಧ್ಯದ ಸಂದು ಕಿರಿದಾಗುತ್ತದೆ, ಕೊನೆಗೆ ಎರಡೂ ಸೇರುವ ಸಂಖ್ಯೆ ಒಂದೇ. ಅದೇ ವಿಸ್ತೀರ್ಣ.

"ಆ ಹಾವಿನ ಗುರುತು ಏನೂ ಅಲ್ಲ," ಎಂದರು ಅಕ್ಕ. "ಕೂಡು ಅಂತ ಅರ್ಥ. ತೆಳ್ಳನೆ ಪಟ್ಟಿಗಳನ್ನ ಕೂಡು. ಅಷ್ಟು ಹೇಳೋಕೆ ನಿಮ್ಮ ಪ್ರೊಫೆಸರಿಗೆ ಏನು ರೋಗ?"

"ಆದರೆ ಇಳಿಜಾರು ಎಲ್ಲಿ ಬಂತು?"

ಆ ಪ್ರಶ್ನೆಗೆ ಅಕ್ಕನ ಮುಖ ಅರಳಿದ್ದನ್ನು ನಾನು ಮೊದಲ ಸಲ ನೋಡಿದೆ. ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ಚಿತ್ರದ ಮೇಲೆ ಇಟ್ಟು, ನಿಧಾನವಾಗಿ ಬಲಕ್ಕೆ ಸರಿಸತೊಡಗಿದರು. ಕಾರ್ಡು ಸರಿದ ಹಾಗೆ ಕರ್ವಿನ ಕೆಳಗಿನ ಜಾಗ ಎಡದಿಂದ ಬಯಲಾಗುತ್ತ ಬಂತು.

"ಇಲ್ಲಿವರೆಗೆ ಕಾಣಿಸಿದ ಜಾಗ ಇಷ್ಟು. ಕಾರ್ಡನ್ನ ಇನ್ನೊಂದು ಚೂರು ಸರಿಸಿದೆ. ಎಷ್ಟು ಜಾಗ ಹೆಚ್ಚಾಯ್ತು?"

"ಒಂದು ಪಟ್ಟಿ."

"ಪಟ್ಟಿಯ ಜಾಗ ಎಷ್ಟು?"

"ಅಲ್ಲಿಯ ಎತ್ತರ ಗುಣಿಸು ಸರಿಸಿದ ಚೂರು."

"ಹೆಚ್ಚಾದದ್ದನ್ನ ಸರಿಸಿದ ಚೂರಿಂದ ಭಾಗಿಸು. ಹಾಗೆ ಭಾಗಿಸೋದಕ್ಕೆ ನೀನು ಮೊದಲ ಟರ್ಮಿನಲ್ಲಿ ಏನು ಹೆಸರು ಕಲಿತೆ?"

ನಾನು ಕಾರ್ಡನ್ನು ಕಸಿದುಕೊಂಡು ಇನ್ನೊಂದು ಚೂರು ಸರಿಸಿದೆ. ಅದು ಇಳಿಜಾರು. ಬೆಳೆಯುತ್ತಿರುವ ಜಾಗದ ಇಳಿಜಾರು. ಚೂರು ಸಣ್ಣದಾದಷ್ಟೂ ಅದು ಕರ್ವಿನ ಎತ್ತರಕ್ಕೇ ಬಂದು ನಿಲ್ಲುತ್ತದೆ. ಹಾಗಿದ್ದರೆ ಯಾವುದರ ಇಳಿಜಾರು x ವರ್ಗವೋ ಅದನ್ನು ಹುಡುಕಿದರೆ ಸಾಕು. x ಘನದ ಮೂರನೇ ಒಂದು ಭಾಗ. ಒಂದರಲ್ಲಿ ಅದರ ಬೆಲೆ ಮೂರನೇ ಒಂದು, ಸೊನ್ನೆಯಲ್ಲಿ ಸೊನ್ನೆ. ನನ್ನ ಎರಡು ಮೊತ್ತಗಳ ನಡುವೆಯೇ ಅದು, ಅಂದರೆ 0.333, ಕುಳಿತಿತ್ತು. ನನಗೆ ಗೊತ್ತಿದ್ದುದು ಇಳಿಜಾರು ಮಾತ್ರ, ಆದರೆ ಅದೇ ಸಾಕಾಗಿತ್ತು.

ಟರ್ಮ್ ಪರೀಕ್ಷೆಯಲ್ಲಿ ಪ್ರೊಫೆಸರು ಕೇಳಿದ್ದರು: x ಘನದ ಕರ್ವಿಗೂ x ಅಕ್ಷಕ್ಕೂ ನಡುವೆ, ಮೈನಸ್ ಒಂದರಿಂದ ಪ್ಲಸ್ ಒಂದರವರೆಗೆ, ಇರುವ ವಿಸ್ತೀರ್ಣವೆಷ್ಟು? ನಾನು ಚಿತ್ರ ಬರೆದೆ. ಬಲಕ್ಕೆ ಅಕ್ಷದ ಮೇಲೆ ಒಂದು ಭಾಗ, ಎಡಕ್ಕೆ ಅಕ್ಷದ ಕೆಳಗೆ ಅದೇ ಅಳತೆಯ ಇನ್ನೊಂದು. ಒಂದೊಂದೂ ಕಾಲು. ಒಟ್ಟು ಅರ್ಧ ಎಂದು ಬರೆದೆ.

ಪೇಪರು ವಾಪಸು ಬಂದಾಗ ಚಿತ್ರದ ಮೇಲೆ ಅಡ್ಡಡ್ಡ ಕೆಂಪು ಗೀಟು. ಪ್ರೊಫೆಸರು ಬೋರ್ಡಿನ ಮೇಲೆ ಸರಿಯುತ್ತರ ಬರೆದರು. x ನಾಲ್ಕನೇ ಘಾತದ ಕಾಲು ಭಾಗ, ಒಂದರಲ್ಲಿ ಕಾಲು, ಮೈನಸ್ ಒಂದರಲ್ಲಿಯೂ ಕಾಲು, ಕಳೆದರೆ ಸೊನ್ನೆ. "ವಿಸ್ತೀರ್ಣ ಸೊನ್ನೆ," ಎಂದು ಅದಕ್ಕೂ ಒಂದು ಚೌಕಟ್ಟು ಹಾಕಿದರು.

ನಾನು ಎದ್ದೆ. "ಸರ್, ಜಾಗ ಕಣ್ಣಿಗೆ ಕಾಣುತ್ತದೆ. ಸೊನ್ನೆ ಹೇಗಾಗುತ್ತದೆ?"

"ಚಿತ್ರ ಬರೆಯಲು ಆಸೆಯಿದ್ದರೆ ಆರ್ಟ್ ಸ್ಕೂಲಿಗೆ ಹೋಗಮ್ಮ. ಇದು ಗಣಿತ."

ಹುಡುಗರೆಲ್ಲ ನಕ್ಕರು. ಅವರಲ್ಲಿ ಮುಕ್ಕಾಲು ಪಾಲು ಮಂದಿಗೆ ಯಾವ ಉತ್ತರ ಸರಿಯೆಂದು ಗೊತ್ತಿರಲಿಲ್ಲ. ನಗಲು ಅದು ಗೊತ್ತಿರಬೇಕಾಗಿಯೂ ಇರಲಿಲ್ಲ.

ಪೇಪರು ನೋಡಿದ ಅಕ್ಕ ಸೀರೆ ಬದಲಿಸಿ ಬಂದರು. "ನಡಿ."

"ಯಜಮಾನರು ಏನಾದರೂ ಹೇಳಿದರೆ?"

"ಹೇಳಲಿ. ಹೇಳೋದರಲ್ಲಿ ಅವರದ್ದೂ ಒಂದು ಗೈಡಿದೆ."

ಸ್ಟಾಫ್ ರೂಮಿನಲ್ಲಿ ಪ್ರೊಫೆಸರು ಚಹಾ ಕುಡಿಯುತ್ತಿದ್ದರು. ಸುತ್ತ ನಾಲ್ಕೈದು ಲೆಕ್ಚರರುಗಳು. ಅಕ್ಕ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ಪೇಪರನ್ನು ಅವರ ಮುಂದೆ ಇಟ್ಟರು.

"ತಾವು ಯಾರು?"

"ಪಕ್ಕದ ಮನೆಯವಳು."

"ಗಾರ್ಡಿಯನ್ ಅಲ್ಲದವರ ಜೊತೆ ನಾನು ಮಾತಾಡುವುದಿಲ್ಲ."

"ನನ್ನ ಜೊತೆ ಬೇಡ, ಚಿತ್ರದ ಜೊತೆ ಮಾತಾಡಿ. ಎಡಗಡೆ ಕರ್ವ್ ಅಕ್ಷದ ಕೆಳಗಿದೆ. ಅಲ್ಲಿ ಪಟ್ಟಿಯ ಎತ್ತರ ಮೈನಸ್. ಆದ್ದರಿಂದ ಮೈನಸ್ ಕಾಲು, ಪ್ಲಸ್ ಕಾಲು ಸೇರಿ ಮೊತ್ತ ಸೊನ್ನೆ. ಇಂಟಿಗ್ರಲ್ ಸೊನ್ನೆ ಎಂದು ತಾವು ಬರೆದದ್ದು ಸರಿ. ಆದರೆ ತಾವು ಕೇಳಿದ್ದು ವಿಸ್ತೀರ್ಣ. ಅದಕ್ಕೆ ಕೆಳಗಿನ ತುಂಡನ್ನು ಬೇರೆಯಾಗಿ ತೆಗೆದುಕೊಂಡು, ಮೈನಸ್ ಬಿಟ್ಟು ಕೂಡಬೇಕು."

"ಸೂತ್ರ ಹಾಗೆ ಹೇಳುವುದಿಲ್ಲ."

"ಸೂತ್ರಕ್ಕೆ ಕಣ್ಣಿಲ್ಲ ಸರ್. ಅದಕ್ಕೇ ಕಾಲೇಜಿನವರು ಪ್ರೊಫೆಸರನ್ನು ಇಟ್ಟುಕೊಳ್ಳುವುದು."

ಒಬ್ಬ ಲೆಕ್ಚರರಿಗೆ ಚಹಾ ನೆತ್ತಿಗೇರಿತು. ಪ್ರೊಫೆಸರು ಪೇಪರನ್ನು ಎತ್ತಿ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಅವರ ಕಣ್ಣು ಚಿತ್ರದ ಮೇಲೆ ಬಿದ್ದದ್ದು ಅದೇ ಮೊದಲಿರಬೇಕು. ಕಿವಿಯ ತುದಿ ಕೆಂಪಾಯಿತು. ಆಮೇಲೆ ಪೆನ್ನು ತೆಗೆದು ಅರ್ಧ ಮಾರ್ಕು ಹಾಕಿ, ಪಕ್ಕದಲ್ಲಿ "ಚಿತ್ರ ಶುಚಿಯಾಗಿದೆ" ಎಂದು ಬರೆದರು.

ಮಾರನೆಯ ದಿನ ಕ್ಲಾಸಿನಲ್ಲಿ ಕೆಮ್ಮಿ ಹೇಳಿದರು: "ಮೊನ್ನೆಯ ಆ ಉತ್ತರವನ್ನು ನಾನು ಬೇಕೆಂದೇ ತಪ್ಪು ಹೇಳಿದ್ದೆ. ಯಾರು ಎಚ್ಚರವಾಗಿದ್ದೀರಿ ಎಂದು ನೋಡುವುದಕ್ಕೆ. ಒಬ್ಬರೂ ಹಿಡಿಯಲಿಲ್ಲ. ನಾಚಿಕೆಗೇಡು."

ಒಬ್ಬರೂ ಹಿಡಿಯಲಿಲ್ಲವಂತೆ! ನಾನು ಎದುರಿನ ಬೆಂಚಿನಲ್ಲೇ ಕುಳಿತಿದ್ದೆ. ಹುಡುಗರು ತಲೆ ತಗ್ಗಿಸಿದರು. ಸೊನ್ನೆಯನ್ನು ನಂಬಿದಷ್ಟೇ ಭಕ್ತಿಯಿಂದ ಇದನ್ನೂ ನಂಬಿದರು.

ನನಗೆ ಸಿಟ್ಟು ಬಂತು, ಆದರೆ ಅಳು ಬರಲಿಲ್ಲ. ಅಕ್ಕನ ಮನೆಯ ಆ ಭಾನುವಾರಕ್ಕೆ ಮೊದಲು ಆಗಿದ್ದರೆ ಬರುತ್ತಿತ್ತು. ಅವರು ಏನು ಹೇಳಿದರೂ ಆ ಎರಡು ತುಂಡುಗಳು ಅಲ್ಲಿಯೇ ಇದ್ದವು, ಒಂದೊಂದೂ ಕಾಲು. ಅವನ್ನು ಅಳೆಯಲು ನನಗೆ ಅವರ ಅಪ್ಪಣೆ ಬೇಕಾಗಿರಲಿಲ್ಲ.

ಅಕ್ಕ ಕಾಲೇಜಿಗೆ ಹೋದ ಸುದ್ದಿ ಯಜಮಾನರ ಕಿವಿಗೂ ಬಿತ್ತು. ಮನೆತನದ ಮಾನದ ಬಗ್ಗೆ ಒಂದು ಸಂಜೆಯಿಡೀ ಮಾತಾಡಿದರಂತೆ. ಅಕ್ಕ ಎಲ್ಲ ಕೇಳಿಸಿಕೊಂಡು, ಶನಿವಾರದಿಂದ ತಮ್ಮ ಹೊರಕೋಣೆಯಲ್ಲಿ ಹುಡುಗಿಯರಿಗೆ ಗಣಿತ ಹೇಳಿಕೊಡಲು ಶುರು ಮಾಡಿದರು. ನಮ್ಮ ಬೆಂಚಿನವರೆಲ್ಲ ಬಂದೆವು. ಆಂಟಾಪ್ ಹಿಲ್ ಕಡೆಯಿಂದಲೂ ಇಬ್ಬರು ಬರುತ್ತಿದ್ದರು. ಯಜಮಾನರು ಆ ಹೊತ್ತಿಗೆ ಪೇಪರು ಹಿಡಿದು ಬಾಲ್ಕನಿಗೆ ಹೋಗಿ ಕೂರುವುದು ರೂಢಿಯಾಯಿತು. ಕೆಲವು ತಿಂಗಳಲ್ಲೇ ಮನೆಗೆ ಬಂದವರ ಮುಂದೆ, "ನಮ್ಮಾಕೆ ಕ್ಲಾಸು ತೆಗೆದುಕೊಳ್ಳುತ್ತಾಳೆ, ನಾನೇ ಹೇಳಿದೆ" ಎನ್ನತೊಡಗಿದರು. ಒಳಗೆ ಕುಳಿತ ನಮಗೆ ಅದು ಕೇಳಿಸುತ್ತಿತ್ತು. ಅಕ್ಕ ಒಂದು ಕ್ಷಣ ಸೀಮೆಸುಣ್ಣ ನಿಲ್ಲಿಸಿ, ಬಾಗಿಲ ಕಡೆ ನೋಡಿ, ಮುಂದಿನ ಪಟ್ಟಿ ಬರೆಯುತ್ತಿದ್ದರು.