ಮೂರು ಗಂಟೆಯ ರೆಪ್ಪೆ

ನನಗೆ ಮೆಮೋ ಬಂದದ್ದು ತರಗತಿಯಲ್ಲಿ ನಿದ್ದೆ ಮಾಡಿದ್ದಕ್ಕೆ. ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಹಾಗಲವಾಡಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮನೆ ಗುಬ್ಬಿಯಲ್ಲಿ, ನಾನು ಮತ್ತು ನಮ್ಮತ್ತೆ ಇಬ್ಬರೇ. ಯಜಮಾನರಿಗೆ ಕುಣಿಗಲ್‌ನಲ್ಲಿ ಕೆಲಸ, ಭಾನುವಾರದ ನೆಂಟರು. 'ಮಧ್ಯಾಹ್ನದ ತರಗತಿಗಳಲ್ಲಿ ಕುರ್ಚಿಯ ಮೇಲೆ ಕುಳಿತು ನಿದ್ರಿಸುತ್ತಿರುವುದು ಕಂಡುಬಂದಿರುತ್ತದೆ. ಹದಿನೈದು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು' ಎಂದು ಹೆಡ್‌ಮಾಸ್ಟರು ತಮ್ಮ ಗುಂಡನೆಯ ಅಕ್ಷರದಲ್ಲಿ ಬರೆದಿದ್ದರು. ಸಮಜಾಯಿಷಿ ಸರಿ ಕಾಣದಿದ್ದರೆ ಅದು ಮೇಲಿನ ಕಚೇರಿಗೆ ಹೋಗುತ್ತದೆ, ಸೇವಾ ಪುಸ್ತಕಕ್ಕೂ ಏರುತ್ತದೆ. ಹನ್ನೊಂದು ವರ್ಷ ಗಂಟಲು ಹರಿದುಕೊಂಡು ಪಾಠ ಮಾಡಿದವಳಿಗೆ 'ನಿದ್ದೆಗಣ್ಣಿನ ಟೀಚರ್' ಎಂಬ ಹೆಸರು! ಮೈಯೆಲ್ಲಾ ಉರಿದುಹೋಯಿತು.

ನಾನು ನಿದ್ದೆ ಮಾಡುತ್ತಿರಲಿಲ್ಲ. ಆದರೆ ಮಾಡುತ್ತಿಲ್ಲ ಎಂದು ತೋರಿಸುವುದು ಹೇಗೆ?

ಶುರುವಾದದ್ದು ಆರು ತಿಂಗಳ ಹಿಂದೆ. ಬೆಳಗಿನ ಪ್ರಾರ್ಥನೆಗೆ ನನ್ನ ದನಿ ಎದುರಿನ ಹೊಲದವರೆಗೂ ಕೇಳುತ್ತಿತ್ತು. ಮೂರನೆಯ ಪೀರಿಯಡ್ ಹೊತ್ತಿಗೆ ಅದೇ ದನಿ ಮೂಗಿನಿಂದ ಬರುತ್ತಿತ್ತು. ಸಿಟ್ಟಿನಲ್ಲಿ ಮಕ್ಕಳನ್ನು ಗದರಿಸಿದರೆ ಅವು ಹೆದರುವುದಿರಲಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವು. ಬೋರ್ಡಿನ ಮೇಲಿನ ಸಾಲು ಬರೆಯುವಷ್ಟರಲ್ಲಿ ತೋಳು ತಾನಾಗಿ ಕೆಳಗಿಳಿಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಎರಡೂ ರೆಪ್ಪೆಗಳು ಅಂಗಡಿ ಬಾಗಿಲ ಹಾಗೆ ಇಳಿದುಬಿಡುತ್ತಿದ್ದವು. ಬೆರಳಿನಿಂದ ಎತ್ತಿ ಹಿಡಿದರೆ ಎರಡೆರಡು ಕಾಣುತ್ತಿತ್ತು. ನಮ್ಮ ಹೆಡ್‌ಮಾಸ್ಟರು ಒಬ್ಬರೇ ಸಾಕಾಗಿದ್ದರು, ಇಬ್ಬರಾದರು.

ಮನೆಯಲ್ಲಿ ಇನ್ನೊಂದು ಪಜೀತಿ. ಸಂಜೆ ನಾನು ನಕ್ಕರೆ ತುಟಿಯ ತುದಿಗಳು ಮೇಲೇಳುತ್ತಿರಲಿಲ್ಲ, ನಡುವಿನ ತುಟಿ ಮಾತ್ರ ಮೇಲೆದ್ದು ಹಲ್ಲು ಕಿರಿದ ಹಾಗಾಗುತ್ತಿತ್ತು. ನಮ್ಮತ್ತೆ ಎರಡು ವಾರ ಮುಖ ದಪ್ಪ ಮಾಡಿಕೊಂಡೇ ಓಡಾಡಿದರು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು.

"ಏನೇ, ನಾನ್ ಏನಂದ್ರೂ ಹಂಗ್ ಗುರ್ ಅಂತ ಮೂತಿ ಮಾಡ್ತೀಯಲ್ಲ, ನಾನೇನ್ ಮಾಡಿದೀನಿ ನಿಂಗೆ?"

"ನಗ್ತಾ ಇದೀನಿ ಅತ್ತೆ."

"ಇದು ನಗೂನಾ? ಶಿವ್ನೇ!"

ಆವತ್ತಿನಿಂದ ಅವರು ನನ್ನ ಮುಖವನ್ನು ಹಾಲು ಕಾಯುವವರ ಹಾಗೆ ಕಾದು ನೋಡತೊಡಗಿದರು.

ಡಾಕ್ಟರ ಹತ್ತಿರ ಹೋಗದೆ ಇರಲಿಲ್ಲ. ಮೂವರನ್ನು ನೋಡಿದ್ದೆ. ಆದರೆ ಹೋಗುವ ಕ್ರಮ ಹೇಗಿತ್ತೆಂದರೆ, ಹಿಂದಿನ ದಿನವೇ ರಜೆ ಹಾಕುವುದು, ಚೆನ್ನಾಗಿ ಮಲಗುವುದು, ನಸುಕಿನಲ್ಲಿ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಮೊದಲ ಬಸ್ಸಿಗೆ ತುಮಕೂರು ಸೇರಿ ಮೊದಲ ಟೋಕನ್ ಹಿಡಿಯುವುದು. ನಾಲ್ಕು ಜನರ ಎದುರು ಹೋಗುವಾಗ ಬಾಡಿದ ಮುಖ ಹೊತ್ತುಕೊಂಡು ಹೋಗಬಾರದು ಎಂದೇ ನಮ್ಮನ್ನು ಬೆಳೆಸಿದ್ದಾರೆ. ಶಾಲೆ ತಪಾಸಣೆಯ ದಿನ ಒಳ್ಳೆಯ ಪಾಠವನ್ನೇ ತೋರಿಸುವ ಹಾಗೆ, ಡಾಕ್ಟರಿಗೂ ನನ್ನ ಒಳ್ಳೆಯ ಮೈಯನ್ನೇ ತೋರಿಸಿ ಬರುತ್ತಿದ್ದೆ. ಬೆಳಗ್ಗೆ ಒಂಬತ್ತಕ್ಕೆ ನನ್ನ ಕಣ್ಣು ಪಳಪಳ, ದನಿ ಖಣಖಣ. ಒಬ್ಬರು ಟಾನಿಕ್ ಬರೆದರು, ಒಬ್ಬರು ಕನ್ನಡಕ ಕೊಟ್ಟರು. ಮೂರನೆಯವರು, ಹೆಡ್‌ಮಾಸ್ಟರು ಸರ್ಟಿಫಿಕೇಟ್ ತರಲು ಹೇಳಿದ್ದಾರೆ ಎಂದದ್ದಕ್ಕೆ, 'ಆರೋಗ್ಯವಾಗಿದ್ದಾರೆ' ಎಂದು ಸೀಲು ಹಾಕಿ ಕೊಟ್ಟರು. ಅದನ್ನು ನಾನೇ ಒಯ್ದು ಕೊಟ್ಟೆ. ಅದರ ಮಾರನೆಯ ವಾರವೇ ಮೆಮೋ. ನಾನಾಗಿಯೇ ಹೋಗಿ ಹಳ್ಳಕ್ಕೆ ಬಿದ್ದಿದ್ದೆ.

ಮೆಮೋ ಓದಿ ಹೇಳಿದಾಗ ನಮ್ಮತ್ತೆ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟರು.

"ಅಲ್ಲ ಕಣೇ, ಬೆಳಿಗ್ಗೆ ನಿಂಗೆ ಕಾಯ್ಲೆ ಎಲ್ಲೈತೆ? ಕಾಯ್ಲೆ ಬರೋದು ಸಂಜೆ. ಕಾಯ್ಲೆನ ಮನೇಲ್ ಬುಟ್ಟು ನೀನೊಬ್ಳೇ ಡಾಕ್ಟ್ರತ್ರ ಹೋದ್ರೆ ಅವ್ರು ಏನ್ ನೋಡ್ತಾರೆ?"

ಓದು ಬಾರದ ಹೆಂಗಸು. ಮೂವರು ಡಾಕ್ಟರು ಮತ್ತು ಒಬ್ಬಳು ಟೀಚರಿಗೆ ಹೊಳೆಯದೇ ಇದ್ದದ್ದು ಅವರಿಗೆ ಹೊಳೆಯಿತು. ನನಗೆ ಖುಷಿಗಿಂತ ಮೊದಲು ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಶನಿವಾರ ಸಂಜೆ ಬೆಂಗಳೂರಿನಿಂದ ನರರೋಗದ ಡಾಕ್ಟರು ಬರುತ್ತಾರೆಂದು ಯಜಮಾನರು ವಿಚಾರಿಸಿ ತಿಳಿಸಿದರು. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದವಳನ್ನು ಅತ್ತೆ ಚಾಪೆಯ ಹತ್ತಿರವೂ ಬಿಡಲಿಲ್ಲ. ಮುದ್ದೆ ಕೋಲು ಕೈಗೆ ಕೊಟ್ಟು, "ತೊಳ್ಸು, ಗಂಟಿಲ್ದಂಗೆ" ಎಂದರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, "ನಿಮ್ಮ್ ಹೆಡ್‌ಮಾಸ್ಟ್ರು ಏನೇನ್ ಮಾಡವ್ರೆ, ಮೊದಲಿಂದ ಹೇಳು" ಎಂದರು. ಆ ವಿಷಯದಲ್ಲಿ ನನಗೆ ಮಾತಿಗೇನು ಬರವೇ? ಅರ್ಧ ದಾರಿಗೆ ದನಿ ಮೂಗಿಗೆ ಏರಿತು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಗಲ್ಲಕ್ಕೆ ಕೈ ಕೊಟ್ಟು ತಲೆ ಹಿಡಿದುಕೊಂಡಿದ್ದೆ. ನೀರು ಕೇಳಿದರೆ, "ಈಗ ಬ್ಯಾಡ, ಮೂಗಿಗೆ ಹತ್ತುತ್ತೆ" ಎಂದು ಬಾಟಲಿಯನ್ನು ಸೆರಗಿನಲ್ಲಿ ಬಚ್ಚಿಟ್ಟರು.

ಡಾಕ್ಟರು ಚಿಕ್ಕ ವಯಸ್ಸಿನವರು. ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಡಾಕ್ಟರು ತಮ್ಮ ಬೆರಳನ್ನು ಮೇಲೆತ್ತಿ, ಕಣ್ಣು ಮಿಟುಕಿಸದೆ ಅದನ್ನೇ ನೋಡಲು ಹೇಳಿದರು. ಅರೆಗಣ್ಣಾಗಿದ್ದ ರೆಪ್ಪೆ ಒಂದು ನಿಮಿಷದೊಳಗೆ ಪೂರ್ತಿ ಇಳಿಯಿತು. ಗಟ್ಟಿಯಾಗಿ ಎಣಿಸಲು ಹೇಳಿದರು. ನಲವತ್ತು ದಾಟುವಾಗ ನನ್ನ ಎಣಿಕೆ ನನಗೇ ಅರ್ಥವಾಗುತ್ತಿರಲಿಲ್ಲ. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು ಮಂಚದ ಮೇಲೆ ಕೂರಿಸಿದರು. ಇಪ್ಪತ್ತು ನಿಮಿಷ ಕಳೆದಿರಬಹುದು, ಎದುರಿನ ಗೋಡೆಯ ಕ್ಯಾಲೆಂಡರ್ ಕಾಣಿಸಿತು. ಎರಡಲ್ಲ, ಒಂದೇ. ಸಂಜೆ ಆರೂವರೆಗೆ ನನ್ನ ರೆಪ್ಪೆಗಳು ಬೆಳಗಿನ ಹಾಗೆ ಮೇಲಿದ್ದವು. "ಅತ್ತೆ" ಎಂದೆ. ಆ ದನಿ ಕೇಳಿ ಅವರು ಅಳತೊಡಗಿದರು.

ಕಾಯಿಲೆಗೆ ಮಯಸ್ತೇನಿಯಾ ಗ್ರೇವಿಸ್ ಎಂದು ಹೆಸರು. ಡಾಕ್ಟರು ಅತ್ತೆಗೆ ತಿಳಿಯುವ ಹಾಗೆ ಹೇಳಿದರು.

"ನೋಡಿಮ್ಮ, ಇವರ ನರ ಸರಿಯಾಗಿದೆ, ಮಾಂಸಖಂಡವೂ ಸರಿಯಾಗಿದೆ. ಎರಡೂ ಸೇರೋ ಜಾಗದಲ್ಲಿ ತೊಂದರೆ. ಅಲ್ಲೊಂದು ಸಣ್ಣ ಸಂದು ಇರುತ್ತೆ. ನರ ಆ ಸಂದಿಗೆ ಒಂದು ರಸ ಬಿಡುತ್ತೆ, ಮಾಂಸಖಂಡ ಅದನ್ನ ಹಿಡ್ಕೊಂಡ್ರೆ ಕೆಲಸ ಮಾಡುತ್ತೆ. ಮಠದಲ್ಲಿ ಪಂಕ್ತಿ ಊಟ ನೋಡಿದೀರಲ್ಲ? ಬಡಿಸೋನು ಮೊದಲು ಸೌಟು ತುಂಬ ಹಾಕ್ತಾನೆ, ಬಿಡುವಿಲ್ಲದೆ ಬಡಿಸ್ತಾ ಹೋದ್ರೆ ಸೌಟು ಅರ್ಧ ಆಗುತ್ತೆ. ಎಲ್ಲರ ಮೈಯಲ್ಲೂ ಹಾಗೇ. ಆದ್ರೆ ಬೇರೆಯವರಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಎಲೆ ಹಾಕಿರುತ್ತೆ, ಅರ್ಧ ಸೌಟಾದ್ರೂ ಸಾಕಾಗುತ್ತೆ. ಇವರಲ್ಲಿ ಎಲೆಗಳೇ ಕಮ್ಮಿ."

"ಯಾರು ಎತ್ತಿದ್ದು ಎಲೇನ?"

"ಮನೆ ಕಾವಲಿಗೆ ಇರೋರೇ. ರೋಗ ಬರದ ಹಾಗೆ ಕಾಯಬೇಕಾದ ಶಕ್ತಿ, ತಪ್ಪು ತಿಳ್ಕೊಂಡು ಇವರ ಮೈ ಮೇಲೇ ಬಿದ್ದಿದೆ. ಸ್ವಲ್ಪ ಸುಮ್ಮನೆ ಕೂತ್ರೆ ಸೌಟು ಮತ್ತೆ ತುಂಬುತ್ತೆ, ಅದಕ್ಕೇ ಬೆಳಿಗ್ಗೆ ಚೆನ್ನಾಗಿರ್ತಾರೆ. ಬಡಿಸಿದ್ದನ್ನ ಕೂಡಲೇ ಗುಡಿಸಿಬಿಡೋನು ಒಬ್ಬ ಇರ್ತಾನೆ. ನಾನು ಕೊಡೋ ಮಾತ್ರೆ ಅವನ ಕೈ ಹಿಡಿಯುತ್ತೆ. ರಸ ಇನ್ನಷ್ಟು ಹೊತ್ತು ಅಲ್ಲೇ ಉಳಿಯುತ್ತೆ."

ಆಮೇಲೆ ಅತ್ತೆಗೆ ಮೆಲ್ಲಗೆ ಗದರಿದರು. "ಸಂಜೆ ಕರ್ಕೊಂಡು ಬಂದಿದ್ದು ಬಹಳ ಒಳ್ಳೇದಾಯ್ತು. ಆದ್ರೆ ಇನ್ಮೇಲೆ ಹೀಗೆ ದಣಿಸಬೇಡಿ. ನುಂಗೋದು, ಉಸಿರಾಡೋದು ಕಷ್ಟ ಆದ್ರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಬೇರೆ ಯಾವ ಡಾಕ್ಟರು ಔಷಧಿ ಬರೆದ್ರೂ ಈ ಕಾಯಿಲೆ ಹೆಸರು ಮೊದಲು ಹೇಳಿ, ಕೆಲವು ಔಷಧಿ ಇದನ್ನ ಕೆರಳಿಸುತ್ತೆ." ಅತ್ತೆ ಕಾಯಿಲೆಯ ಹೆಸರನ್ನು ಬಸ್ಸಿನುದ್ದಕ್ಕೂ ಮಂತ್ರದ ಹಾಗೆ ಬಾಯಿಪಾಠ ಮಾಡಿದರು.

ಮುಂದಿನ ವಾರ ಬೆಂಗಳೂರಿನಲ್ಲಿ ಪರೀಕ್ಷೆ. ನರಕ್ಕೆ ಪುಟ್ಟ ಪುಟ್ಟ ಕರೆಂಟು ಒಂದರ ಹಿಂದೆ ಒಂದು ಕೊಟ್ಟು, ಮಾಂಸಖಂಡದ ಉತ್ತರವನ್ನು ಕಾಗದದ ಮೇಲೆ ಗೆರೆಗಳಾಗಿ ಮೂಡಿಸಿದರು. ಮೊದಲ ಗೆರೆ ಎತ್ತರ, ಎರಡನೆಯದು ಗಿಡ್ಡ, ಮೂರು ನಾಲ್ಕು ಇನ್ನೂ ಗಿಡ್ಡ. ನನ್ನ ದಿನಚರಿ ಅಷ್ಟುದ್ದದ ಕಾಗದದಲ್ಲಿತ್ತು. ಈ ಕಾಯಿಲೆಯವರಲ್ಲಿ ಕೆಲವರಿಗೆ ಎದೆಯೊಳಗೆ ಗಡ್ಡೆ ಇರುತ್ತದಂತೆ, ಸ್ಕ್ಯಾನ್ ಮಾಡಿ ಅಂಥದ್ದೇನೂ ಇಲ್ಲವೆಂದರು.

ನಂತರದ ವರ್ಷಗಳು ಒಟ್ಟಿನಲ್ಲಿ ಸುಖವಾಗಿಯೇ ಕಳೆದವು. ನಾಲ್ಕು ಗಂಟೆಗೊಂದು ಮಾತ್ರೆ, ಊಟಕ್ಕೆ ಅರ್ಧ ಗಂಟೆ ಮುಂಚೆ ಬಿದ್ದರೆ ಊಟ ಸರಾಗ. ಹೊಟ್ಟೆ ಗುಡುಗುಡು ಅನ್ನುತ್ತಿತ್ತು, ಅನ್ನಲಿ. ಕಾವಲುಗಾರರನ್ನು ತಣಿಸಲು ಕೊಟ್ಟ ಸ್ಟೀರಾಯ್ಡಿನಿಂದ ಮುಖ ದುಂಡಗಾಗಿ, 'ಮೇಡಂ ಮೈ ತುಂಬ್ಕೊಂಡವ್ರೆ' ಎಂದು ಊರವರು ಸಂತೋಷಪಟ್ಟರು. ಪೂರ್ತಿ ವಾಸಿಯಾಗಲಿಲ್ಲ. ಒಮ್ಮೆ ಜ್ವರ ಬಂದು ಹತ್ತು ದಿನ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದೂ ಉಂಟು. ಆದರೂ ನನ್ನ ಬಾಯಿ ನನಗೆ ವಾಪಸ್ಸು ಬಂತಲ್ಲ, ಅಷ್ಟು ಸಾಕಿತ್ತು.

ಮೆಮೋದ ಮಾತು ಉಳಿಯಿತು. ಅದು ಬಂದ ಹದಿನಾಲ್ಕನೆಯ ದಿನ ಸಮಜಾಯಿಷಿ, ಡಾಕ್ಟರ ಪತ್ರ, ಗೆರೆಗಳ ಕಾಗದ ಮೂರನ್ನೂ ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟೆ. ಅವರು ಕೆಟ್ಟವರಲ್ಲ, ಕಣ್ಣಿಗೆ ಕಂಡದ್ದನ್ನು ಬರೆಯುವ ಮನುಷ್ಯ. ಜಗಳಕ್ಕೆ ಬೇಕಾದ ಮಾತನ್ನೆಲ್ಲ ನಾನು ಬಸ್ಸಿನಲ್ಲೇ ಹೊಂದಿಸಿಕೊಂಡು ಬಂದಿದ್ದೆ, ಮಾತ್ರೆಯನ್ನೂ ಹೊತ್ತು ನೋಡಿಯೇ ನುಂಗಿದ್ದೆ. ಅವರು ಕಾಗದದ ಗೆರೆಗಳ ಮೇಲೆ ಬೆರಳಾಡಿಸಿದರು, ಒಂದು, ಎರಡು, ಮೂರು, ನಾಲ್ಕು.

"ಅಂದ್ರೆ ಆವಾಗ ನಿಮಗೆ ಎಲ್ಲ ಕೇಳಿಸ್ತಿತ್ತಾ ಮೇಡಂ?"

"ಎಲ್ಲಾ ಕೇಳಿಸ್ತಿತ್ತು ಸಾರ್. ನೀವು ಬಾಗಿಲಲ್ಲಿ ನಿಂತು ಹೋಗಿದ್ದೂ ಕೇಳಿಸ್ತು. ಕರೆಯೋಣ ಅಂದ್ರೆ ದನಿ ಇರಲಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೆಮೋ ಬರೆಯೋಕೆ ಮುಂಚೆ ನಾಲ್ಕನೇ ಕ್ಲಾಸಿನ ಮಕ್ಕಳನ್ನ ಕರೆದು ಕೇಳಿದ್ದೆ ಮೇಡಂ. ನಿಮ್ಮ ಮಿಸ್ ನಿದ್ದೆ ಮಾಡ್ತಾರಾ ಅಂತ. ಎಲ್ಲಾ ಒಂದೇ ಬಾಯಲ್ಲಿ, 'ಇಲ್ಲ ಸಾರ್, ನಾವು ತಪ್ಪು ಓದಿದ್ರೆ ಕಣ್ಣು ಮುಚ್ಕೊಂಡೇ ಮೇಜು ಕುಟ್ತಾರೆ' ಅಂದ್ವು. ನಾನು, ಮಿಸ್‌ಗೆ ಹೆದರಿ ಸುಳ್ಳು ಹೇಳ್ತವೆ ಅಂದ್ಕೊಂಡು ಬೈದು ಕಳಿಸ್ದೆ."

ಮೂವತ್ತೆರಡು ಮಕ್ಕಳು ನನ್ನನ್ನು ಮೊದಲೇ ನಂಬಿದ್ದವು. ನಾನು ಮಾತ್ರ ಸಾಕ್ಷಿ ಹುಡುಕಿಕೊಂಡು ಬೆಂಗಳೂರಿನವರೆಗೆ ಹೋಗಿಬಂದಿದ್ದೆ. ಹೆಡ್‌ಮಾಸ್ಟರು ನನ್ನ ಸಮಜಾಯಿಷಿಯ ಕೆಳಗೆ 'ಒಪ್ಪಲಾಗಿದೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಎದ್ದು, ಆ ಮಕ್ಕಳಿಗೆ ಒಂದು ಮಾತು ಹೇಳಿ ಬರುತ್ತೇನೆಂದು ನಾಲ್ಕನೆಯ ತರಗತಿಯ ಕಡೆ ನಡೆದರು.